ನೀರಿನ ಡಬ್ಬಿ ಕಲಿಸಿದ್ದು, ಉಸಿರು ಕೆಡಿಸಿದ್ದು: ಪೆಟ್ ಸ್ಕ್ಯಾನಿನಲ್ಲಿ ನನ್ನ ಅನುಭವ

ದೇಹಕ್ಕೆ ಚುಚ್ಚಿದ ವಿಕಿರಣಶೀಲ ವಸ್ತು ಎಲ್ಲಿ ಸೇರಿದೆ ಎಂದು ಚಿತ್ರಿಸುವ ಪೆಟ್ ಯಂತ್ರದ ಕೆಲಸಕ್ಕೆ ಬರುವ ಮೊದಲು, ತರಬೇತಿಯ ಪ್ರಯೋಗಾಲಯದಲ್ಲಿ ನಾನು ಮಾಡಿದ ಒಂದು ಸಣ್ಣ ಪ್ರಯೋಗ ಇಂದಿಗೂ ಕೈಹಿಡಿಯುತ್ತಿದೆ. ಮೇಜಿನ ನಡುವೆ ಸೋಡಿಯಂ-22ರ ಪುಟ್ಟ ಆಕರವೊಂದನ್ನಿಟ್ಟು, ಅದರ ಎರಡು ಬದಿಗೆ ಎದುರುಬದುರಾಗಿ ಎರಡು ಡಿಟೆಕ್ಟರುಗಳನ್ನು ನಿಲ್ಲಿಸಿದ್ದೆವು. ಆಕರದಿಂದ ಹೊರಟ, ಎಲೆಕ್ಟ್ರಾನಿನ ಪ್ರತಿಕಣವಾದ ಪಾಸಿಟ್ರಾನ್ ಪಕ್ಕದಲ್ಲೇ ಒಂದು ಎಲೆಕ್ಟ್ರಾನನ್ನು ಸಂಧಿಸಿ ಎರಡೂ ಇಲ್ಲವಾಗುತ್ತವೆ. ಅವುಗಳ ದ್ರವ್ಯರಾಶಿಯು ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಫೋಟಾನುಗಳಾಗಿ, ಹೆಚ್ಚುಕಡಿಮೆ ವಿರುದ್ಧ ದಿಕ್ಕಿಗೆ ಹಾರಿಹೋಗುತ್ತದೆ. ಎರಡೂ ಡಿಟೆಕ್ಟರುಗಳು ಒಂದೇ ಕ್ಷಣದಲ್ಲಿ ಮಿನುಗಿದರೆ ಮಾತ್ರ ಎಣಿಸುವಂತೆ ಹೊಂದಿಸಿದ್ದುದರಿಂದ, ಒಂದನ್ನು ಸ್ವಲ್ಪ ಓರೆಗೆ ಸರಿಸಿದರೂ ಜೋಡಿ ಎಣಿಕೆ ಥಟ್ಟನೆ ಕುಸಿಯುತ್ತಿತ್ತು.

ಅನಂತರ 10 ಸೆಂಟಿಮೀಟರ್ ದಪ್ಪದ ನೀರಿನ ಡಬ್ಬಿಯನ್ನು ಆಕರಕ್ಕೂ ಎಡ ಡಿಟೆಕ್ಟರಿಗೂ ನಡುವೆ ಇಟ್ಟೆ. ಈ ಶಕ್ತಿಯ ಫೋಟಾನುಗಳಲ್ಲಿ ಪ್ರತಿ ಸೆಂಟಿಮೀಟರ್ ನೀರಿಗೆ ನೂರಕ್ಕೆ ಒಂಬತ್ತರಷ್ಟು ದಾರಿತಪ್ಪುತ್ತವೆ. ಹಾಗಾಗಿ ಜೋಡಿ ಎಣಿಕೆ ಮೊದಲಿನ ಐದನೆಯ ಎರಡು ಭಾಗಕ್ಕೆ ಇಳಿಯಿತು. ಡಬ್ಬಿಯನ್ನು ಬಲಬದಿಗೆ ಇಟ್ಟಾಗಲೂ ಅದೇ ಎಣಿಕೆ ಬಂದದ್ದು ನನಗೆ ಬೆರಗು ತಂದಿತು. ಒಂದೊಂದೇ ಡಿಟೆಕ್ಟರಿನ ಎಣಿಕೆ ನೋಡಿದರೆ ನೀರು ಯಾವ ಬದಿಗಿದೆಯೆಂದು ಹೇಳಬಹುದಿತ್ತು, ಜೋಡಿ ಎಣಿಕೆಯಿಂದ ಆಗುತ್ತಿರಲಿಲ್ಲ. ಎರಡೂ ಫೋಟಾನುಗಳು ತಲುಪಿದರಷ್ಟೇ ಲೆಕ್ಕ ಎಂದಾಗ, ದಾರಿಯಲ್ಲಿನ ಒಟ್ಟು ದಪ್ಪವೊಂದೇ ಮುಖ್ಯವಾಗುತ್ತದೆ. ಆಕರ ಆ ದಾರಿಯಲ್ಲಿ ಎಲ್ಲಿದೆ ಎಂಬುದು ಮುಖ್ಯವಲ್ಲ.

ಪೆಟ್-ಸಿಟಿ ಯಂತ್ರ ನಿಂತಿರುವುದೇ ಇದರ ಮೇಲೆ. ರೋಗಿಯ ಸುತ್ತ ಹರಳುಗಳ ಬಳೆ ಇರುತ್ತದೆ. ಕೆಲವೇ ನ್ಯಾನೋಸೆಕೆಂಡುಗಳ ಅಂತರದಲ್ಲಿ ಮಿನುಗಿದ ಎರಡು ಹರಳುಗಳ ನಡುವೆ ಯಂತ್ರ ಒಂದು ಗೆರೆ ಎಳೆಯುತ್ತದೆ, ಲಕ್ಷಾಂತರ ಗೆರೆಗಳಿಂದ ಟ್ರೇಸರ್, ಅಂದರೆ ಚುಚ್ಚಿದ ಆ ವಿಕಿರಣಶೀಲ ವಸ್ತು, ಎಲ್ಲಿ ಸೇರಿದೆ ಎಂಬುದನ್ನು ಲೆಕ್ಕಹಾಕುತ್ತದೆ. ಆದರೆ 30 ಸೆಂಟಿಮೀಟರ್ ಅಂಗಾಂಶದ ಮೂಲಕ ಹಾಯುವ ಗೆರೆಯಲ್ಲಿ ಹದಿನೆಂಟು ಜೋಡಿಗಳಲ್ಲಿ ಸುಮಾರು ಒಂದು ಮಾತ್ರ ಪೂರ್ಣವಾಗಿ ಹೊರಬರುತ್ತದೆ. ಈ ನಷ್ಟವನ್ನು ತುಂಬಲು ಒಟ್ಟು ದಪ್ಪ ಗೊತ್ತಿದ್ದರೆ ಸಾಕು, ಅದನ್ನು ಸಿಟಿ ಚಿತ್ರ ಒದಗಿಸುತ್ತದೆ. ಸಿಟಿ ಸುಳ್ಳು ಹೇಳಿದರೆ ಪೆಟ್ ಚಿತ್ರವೂ ಸುಳ್ಳಾಗುತ್ತದೆ.

ಅಂಥ ಸುಳ್ಳೊಂದಕ್ಕೆ ನಾನೇ ಕಾರಣನಾಗಿದ್ದೆ. ದೊಡ್ಡ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿದ್ದ ಹಿರಿಯರೊಬ್ಬರಿಗೆ, ವಿಕಿರಣಶೀಲ ಫ್ಲೋರಿನ್ ಆದ ಎಫ್-18 ಸೇರಿಸಿದ ಸಕ್ಕರೆಯಂಥ ಟ್ರೇಸರ್, ಎಫ್‌ಡಿಜಿ ಚುಚ್ಚುಮದ್ದು ಕೊಟ್ಟು, ಒಂದು ಗಂಟೆ ವಿಶ್ರಾಂತಿಯ ಬಳಿಕ ಸ್ಕ್ಯಾನ್ ಮಾಡಿದೆವು. ಜೋಡಿಸಿದ ಚಿತ್ರದಲ್ಲಿ ಬಲ ಶ್ವಾಸಕೋಶದ ತಳದಲ್ಲಿ ಒಂದು ಪ್ರಖರ ಚುಕ್ಕೆ ಕಾಣಿಸಿತು, ಆದರೆ ಸಿಟಿಯಲ್ಲಿ ಆ ಜಾಗದಲ್ಲಿ ಗಂಟೇ ಇರಲಿಲ್ಲ. ಚುಕ್ಕೆಯ ಕೆಳಗೆ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಾದ ವಪೆಯ ಉದ್ದಕ್ಕೂ, ಬಾಳೆಹಣ್ಣಿನಂತೆ ಬಾಗಿದ ಮಂಕು ಪಟ್ಟಿಯೊಂದಿತ್ತು. ಅದನ್ನು ಕಂಡೊಡನೆ ಅನುಮಾನ ಬಂತು.

ಸಿಟಿ ತೆಗೆಯುವಾಗ ನಾನು “ಉಸಿರು ಎಳೆದು ಹಿಡಿಯಿರಿ” ಎಂದಿದ್ದೆ. ಬೇರೆ ಎದೆಯ ಸಿಟಿಗಳಲ್ಲಿ ಬಾಯಿಗೆ ಬಂದಿದ್ದ ರೂಢಿ ಅದು. ಅವರು ತುಂಬು ಉಸಿರೆಳೆದರು, ವಪೆ ಕೆಳಗಿಳಿಯಿತು. ಪೆಟ್ ಭಾಗವಾದರೋ ಹಾಸಿಗೆಯನ್ನು ಹಂತಹಂತವಾಗಿ ಸರಿಸಿ ನಿಲ್ಲಿಸುವ ಪ್ರತಿ ಸ್ಥಾನಕ್ಕೆ ನಿಮಿಷಗಟ್ಟಲೆ ನಡೆಯುತ್ತದೆ, ಅಷ್ಟು ಹೊತ್ತು ರೋಗಿ ಸಾಮಾನ್ಯವಾಗಿ ಉಸಿರಾಡುತ್ತಾರೆ, ಯಕೃತ್ತು ಮೇಲೆಯೇ ಇರುತ್ತದೆ. ಯಕೃತ್ತಿನ ಗುಮ್ಮಟ ಇದ್ದ ಜಾಗವನ್ನು ಸಿಟಿ ಶ್ವಾಸಕೋಶವೆಂದು ತೋರಿಸಿತ್ತು. ಒಂದು ಗೆರೆಯಲ್ಲಿ 8 ಸೆಂಟಿಮೀಟರ್ ಯಕೃತ್ತಿನ ಬದಲು ಶ್ವಾಸಕೋಶವೆಂದು ಲೆಕ್ಕ ಹಿಡಿದರೆ, ನೂರು ಜೋಡಿಗಳಲ್ಲಿ 46 ಉಳಿಯುವ ಕಡೆ 79 ಉಳಿಯುತ್ತವೆಂದು ಯಂತ್ರ ನಂಬುತ್ತದೆ. ತುಂಬಿಕೊಡುವ ಪ್ರಮಾಣ ಅಷ್ಟರ ಮಟ್ಟಿಗೆ ಕಡಿಮೆಯಾಗಿ, ಅಲ್ಲಿನ ಮಟ್ಟ ನಿಜದ ಐದನೆಯ ಮೂರು ಭಾಗಕ್ಕೆ ಕುಗ್ಗುತ್ತದೆ. ಹೀಗೆ ಯಕೃತ್ತು ಮಂಕಾಗಿ, ಅದರೊಳಗಿನ ಚುಕ್ಕೆ ಒಂಟಿಯಾಗಿ ಶ್ವಾಸಕೋಶದಲ್ಲಿ ತೇಲುವಂತೆ ತೋರುತ್ತದೆ. ಎಫ್-18ರ ಪಾಸಿಟ್ರಾನ್ ಕಣ ಇಲ್ಲವಾಗುವ ಮುನ್ನ ಸರಿಯುವ ದೂರ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ. ಉಸಿರು ತಂದ ತಪ್ಪು ಸೆಂಟಿಮೀಟರುಗಳಲ್ಲಿತ್ತು.

ಖಚಿತಪಡಿಸಿಕೊಳ್ಳಲು ಸಿಟಿಯ ತಿದ್ದುಪಡಿಯಿಲ್ಲದ ಪೆಟ್ ಚಿತ್ರವನ್ನು ತೆರೆದೆ. ಈ ಚಿತ್ರ ನೋಡಲು ಒರಟು. ಚರ್ಮದ ಅಂಚು ಹೊಳೆಯುತ್ತದೆ, ಶ್ವಾಸಕೋಶ ಅಗತ್ಯಕ್ಕಿಂತ ಬೆಳಗುತ್ತದೆ. ಆದರೆ ಅದಕ್ಕೆ ಸಿಟಿಯ ಹಂಗಿಲ್ಲ. ಅದರಲ್ಲಿ ಯಕೃತ್ತಿನ ಗುಮ್ಮಟದ ರೇಖೆ ಸ್ಪಷ್ಟವಾಗಿತ್ತು, ಚುಕ್ಕೆ ಅದರ ಒಳಗೇ ಇತ್ತು.

ವೈದ್ಯರಿಗೆ ನನ್ನ ತಪ್ಪನ್ನು ತಿಳಿಸಿ, ಹಿರಿಯರನ್ನು ಮತ್ತೆ ಮಲಗಿಸಿ, ಆ ಒಂದು ಸ್ಥಾನವನ್ನಷ್ಟೇ ಮರಳಿ ತೆಗೆದೆವು. “ಸುಮ್ಮನೆ ಮೆಲ್ಲಗೆ ಉಸಿರಾಡುತ್ತಿರಿ ಯಜಮಾನರೇ, ಹಿಡಿಯಬೇಡಿ” ಎಂದೆ. ಬಾಳೆಹಣ್ಣಿನ ಪಟ್ಟಿ ಬಹುಮಟ್ಟಿಗೆ ಮಾಯವಾಯಿತು, ಚುಕ್ಕೆ ಯಕೃತ್ತಿನ ಮೇಲ್ಭಾಗದ ಒಳಗೆ ಕೂತಿತು. ವರದಿಯಲ್ಲಿ ವೈದ್ಯರು ಚುಕ್ಕೆ ಇರುವುದು ಶ್ವಾಸಕೋಶದಲ್ಲಲ್ಲ, ಯಕೃತ್ತಿನಲ್ಲಿ ಎಂದು ಬರೆದು, ಅದನ್ನು ಎಂಆರ್‌ಐನಲ್ಲಿ ನೋಡಲು ಸೂಚಿಸಿದರು.