ಉಪ್ಪುನೀರಿನ ಕೊಳವೆಗಳಲ್ಲಿ ಪತ್ತೆಯಾದ ಕಾಮಾಲೆ

"ವರ್ಷಕ್ಕ ಎರಡು ಸಲ ಕಾಮಣಿ ಆಗತೈತ್ರಿ. ಔಷಧ ಹಾಕ್ಸಿ ಹಾಕ್ಸಿ ಸಾಕಾಗೇತಿ." ಗದಗ ಕಡೆಯಿಂದ ಹುಬ್ಬಳ್ಳಿಗೆ ಎಂಟು ವರ್ಷದ ಮಗನನ್ನು ಕರೆತಂದ ತಾಯಿ ಹೇಳಿದ್ದಿದು. ಹುಡುಗನ ಹಿಮೋಗ್ಲೋಬಿನ್ 8. ಪಕ್ಕೆಲುಬಿನ ಕೆಳಗೆ ಗುಲ್ಮ, ಅಂದರೆ ಸ್ಪ್ಲೀನ್, ಕೈಗೆ ಸಿಗುತ್ತಿತ್ತು. ತಾಯಿಗೂ ಚಿಕ್ಕ ವಯಸ್ಸಿನಲ್ಲೇ ಪಿತ್ತಕೋಶದ ಕಲ್ಲು ತೆಗೆದಿದ್ದರು. ಆ ಕೊನೆಯ ಮಾತೇ ಡಾಕ್ಟರಿಗೆ ಸುಳಿವು ಕೊಟ್ಟಿತು. ಕಾಯಿಲೆಯ ಹೆಸರು ಹೆರಿಡಿಟರಿ ಸ್ಫೆರೋಸೈಟೋಸಿಸ್, ಬಹುಪಾಲು ತಾಯಿ ಅಥವಾ ತಂದೆಯಿಂದ ಬರುತ್ತದೆ. ತೊಂದರೆ ಇರುವುದು ಯಕೃತ್ತಿನಲ್ಲಲ್ಲ, ಕೆಂಪು ರಕ್ತಕಣದ ಪೊರೆಯಲ್ಲಿ.

ಅರ್ಧ ತುಂಬಿದ ಜೋಳದ ಚೀಲಕ್ಕೆ ಇನ್ನೂ ನಾಲ್ಕು ಸೇರು ಸುರಿಯಬಹುದು. ಬಿಗಿಯಾಗಿ ತುಂಬಿದ್ದಕ್ಕೆ ಸುರಿದರೆ ಹೊಲಿಗೆ ಬಿಚ್ಚುತ್ತದೆ, ಅಲ್ವಾ? ಒಳ್ಳೆಯ ಕಣ ನಡುವೆ ತಗ್ಗಾದ ಬಿಲ್ಲೆ, ಅದರಲ್ಲಿ ಜಾಗ ಉಳಿದಿರುತ್ತದೆ. ಈ ಕಾಯಿಲೆಯಲ್ಲಿ ಪೊರೆ ಚೂರುಚೂರಾಗಿ ಉದುರಿ, ಕಣ ಗುಂಡಗಾಗಿ ಬಿಗಿದುಕೊಳ್ಳುತ್ತದೆ. ಸುತ್ತಲಿನ ನೀರಿನಲ್ಲಿ ಉಪ್ಪು ಕಡಿಮೆಯಾದಷ್ಟೂ ನೀರು ಕಣದೊಳಗೆ ನುಗ್ಗುತ್ತದೆ. ಆಸ್ಮೋಟಿಕ್ ಫ್ರಜಿಲಿಟಿ ಪರೀಕ್ಷೆ ಅಳೆಯುವುದು ಆ ಉಳಿದ ಜಾಗವನ್ನೇ.

ನಾವು ಲ್ಯಾಬಿನಲ್ಲಿ ಮಾಡುವುದು ಹೀಗೆ. 0.9 ಪ್ರತಿಶತದಿಂದ 0.1ರವರೆಗೆ ಉಪ್ಪು ಇಳಿಸುತ್ತಾ ಕೊಳವೆಗಳನ್ನು ಸಾಲಾಗಿ ಇಡುತ್ತೇವೆ, ಒಂದೊಂದರಲ್ಲಿ 5 ಮಿಲಿಲೀಟರ್. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ತಾಜಾ ರಕ್ತವನ್ನು 0.05 ಮಿಲಿಲೀಟರ್‌ನಂತೆ ಸೇರಿಸಿ, ಮೆಲ್ಲಗೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಕಣ ಉಳಿದಿದ್ದರೆ ತಳದಲ್ಲಿ ಕೆಂಪು ಗುಂಡಿಯಂತೆ ಕೂತು, ಮೇಲಿನ ನೀರು ತಿಳಿಯಾಗಿರುತ್ತದೆ. ಒಡೆದಿದ್ದರೆ ನೀರಿಗೆ ಗುಲಾಬಿ ಬಣ್ಣ.

ಪಕ್ಕದಲ್ಲೇ ಆರೋಗ್ಯವಂತರ ರಕ್ತದ ಸಾಲೂ ಇರಲೇಬೇಕು. ಅಲ್ಲಿ ಬಣ್ಣ 0.5ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಹುಡುಗನದ್ದು 0.65ರಲ್ಲೇ ಗುಲಾಬಿಯಾಯಿತು. ಎರಡೂ ಸಾಲು 0.65ರಲ್ಲಿ ಒಡೆದಿದ್ದರೆ ತಪ್ಪು ನಮ್ಮ ಉಪ್ಪುನೀರಿನದು, ಮತ್ತೆ ಮಾಡಬೇಕು.

ಇದೊಂದನ್ನೇ ನಂಬುವಂತಿಲ್ಲ. ದೇಹವೇ ತನ್ನ ಕಣಗಳ ಮೇಲೆ ದಾಳಿ ಮಾಡುವ ಕಾಯಿಲೆಯಲ್ಲೂ ಇದೇ ಫಲಿತಾಂಶ ಬರುತ್ತದೆ. ಅದಕ್ಕೇ ಕೂಂಬ್ಸ್ ಪರೀಕ್ಷೆ ಮಾಡುತ್ತಾರೆ, ಹುಡುಗನಿಗೆ ಅದು ನೆಗೆಟಿವ್ ಬಂತು. ಇತ್ತೀಚೆಗೆ ರಕ್ತ ಹಾಕಿಸಿದ್ದರೆ ದಾನಿಯ ಕಣಗಳು ಕಾಯಿಲೆಯನ್ನು ಮುಚ್ಚಿಡುತ್ತವೆ, ಲ್ಯಾಬಿಗೆ ಮೊದಲೇ ಹೇಳಿ. ಸೌಮ್ಯ ಕಾಯಿಲೆ ತಪ್ಪಿಸಿಕೊಳ್ಳಬಹುದು. ಆಗ ರಕ್ತವನ್ನು 37 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಮತ್ತೆ ನೋಡುತ್ತೇವೆ.

ಇನ್ನು ಗುಲ್ಮದ ವಿಷಯ. ಅದರೊಳಗಿನ ಸಣ್ಣ ಸಂದಿಗಳಲ್ಲಿ ಕಣ ಬಾಗಿ ನುಸುಳಬೇಕು. ಗುಂಡು ಕಣ ಬಾಗದೆ ಸಿಕ್ಕಿಬಿದ್ದು ನಾಶವಾಗುತ್ತದೆ. ಹಾಗೆ ಒಡೆದ ಕಣಗಳ ಹಳದಿ ಅಂಶದಿಂದಲೇ ಕಾಮಾಲೆಯೂ ಪಿತ್ತಕೋಶದ ಕಲ್ಲೂ ಆಗುವುದು. ಗುಲ್ಮ ತೆಗೆದರೆ ಕಣ ಗುಂಡಗೇ ಇರುತ್ತದೆ, ಆದರೆ ಜಾಸ್ತಿ ದಿನ ಬದುಕುತ್ತದೆ. ಹುಡುಗನಿಗೆ ಆಪರೇಷನ್ ಆದ ಮೇಲೆ ಹಿಮೋಗ್ಲೋಬಿನ್ 12 ದಾಟಿತು, ಕಣ್ಣಿನ ಹಳದಿ ಹೋಯಿತು. ಕೊಳವೆ ಪರೀಕ್ಷೆ ಮಾತ್ರ ಈಗಲೂ ಸರಿಯಾಗಿಲ್ಲ.

ಎಲ್ಲರಿಗೂ ಇದು ಬೇಡ. ಸೌಮ್ಯವಾಗಿದ್ದರೆ ತೆಗೆಯುವುದಿಲ್ಲ, ಸಾಧ್ಯವಾದಷ್ಟು ಆರು ವರ್ಷ ದಾಟುವವರೆಗೂ ಕಾಯುತ್ತಾರೆ. ಗುಲ್ಮವಿಲ್ಲದ ದೇಹಕ್ಕೆ ನ್ಯೂಮೋಕಾಕಸ್‌ನಂಥ ರೋಗಾಣು ಗಂಟೆಗಳಲ್ಲೇ ಜೀವಕ್ಕೆ ಕುತ್ತು ತರಬಹುದು. ಆದ್ದರಿಂದ ಆಪರೇಷನ್ನಿಗೆ ಕನಿಷ್ಠ ಎರಡು ವಾರ ಮೊದಲೇ ಲಸಿಕೆಗಳು ಆಗಬೇಕು. ಆಮೇಲೆ ಡಾಕ್ಟರ್ ಹೇಳಿದಷ್ಟು ಕಾಲ ಪೆನಿಸಿಲಿನ್. ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ, ರಾತ್ರಿಯೇ ಆಸ್ಪತ್ರೆಗೆ ಹೋಗಿ "ಗುಲ್ಮ ತೆಗೆದೈತ್ರಿ" ಎಂದು ಮೊದಲು ಹೇಳಬೇಕು. ಆ ತಾಯಿ ಇದನ್ನು ಒಂದು ಚೀಟಿಯಲ್ಲಿ ಬರೆಸಿ ಮಗನ ಶಾಲೆಯ ಚೀಲದಲ್ಲಿ ಇಟ್ಟಿದ್ದಾರೆ.