ಚಳಿಯ ಚಾರಣ: ಪದರ ಪದರವಾಗಿ ಬಟ್ಟೆ ತೊಡುವುದು ಹೇಗೆ?

ಚಳಿ ಜಾಗದಲ್ಲಿ ಚಾರಣಕ್ಕೆ ಹೋದವರು ಏರು ಹತ್ತುವಾಗ ನಡುಗುವುದು ಕಡಿಮೆ. ನಡುಕ ಶುರುವಾಗುವುದು ಏರು ಮುಗಿಸಿ ಸುಮ್ನೆ ನಿಂತಾಗ. ಹತ್ತುವಾಗ ಬೆವರಿದ ಬಟ್ಟೆ ಆಗ ಮೈಗೆ ಅಂಟಿಕೊಂಡಿರುತ್ತದೆ, ಮೈಯಲ್ಲಿ ಹುಟ್ಟುವ ಶಾಖವೂ ಇಳಿದಿರುತ್ತದೆ. ಹಾಗಾಗಿ ಬಟ್ಟೆ ಆರಿಸುವಾಗ ಮೊದಲು ಯೋಚಿಸಬೇಕಾದ್ದು ಬೆವರಿನ ಬಗ್ಗೆ, ಚಳಿ ಆಮೇಲೆ.

ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಅದರ ಜಾಗಕ್ಕೆ ನೀರು ಬಂತೆಂದರೆ ಕೆಲಸ ಕೆಟ್ಟಿತು. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಹತ್ತಿ ಬಟ್ಟೆ ಸೋಲುವುದು ಇಲ್ಲೇ. ಅದರ ಎಳೆಗಳು ನೀರನ್ನು ತಮ್ಮೊಳಕ್ಕೇ ಎಳೆದುಕೊಂಡು ಮೆತ್ತಗಾಗುತ್ತವೆ, ಗಾಳಿಯ ಜಾಗ ಮುಚ್ಚಿಹೋಗುತ್ತದೆ, ಬಟ್ಟೆ ಒಣಗಲು ಗಂಟೆಗಟ್ಟಲೆ ಬೇಕು. ಒಣಗುವಷ್ಟು ಹೊತ್ತೂ ಅದು ನಿಮ್ಮ ಮೈಶಾಖವನ್ನೇ ತಿನ್ನುತ್ತಿರುತ್ತದೆ. ಬಿಸಿಲ ನಾಡಿನಲ್ಲಿ ಹತ್ತಿ ಹಿತ ಅನ್ನಿಸುವುದೂ ಇದೇ ಗುಣದಿಂದ.

ಅನುಮಾನವಿದ್ದರೆ ಮನೆಯಲ್ಲೇ ನೋಡಿ. ಒಂದು ಹತ್ತಿ ಟೀ ಶರ್ಟ್, ಒಂದು ಪಾಲಿಯೆಸ್ಟರ್ ಟೀ ಶರ್ಟ್ ಎರಡನ್ನೂ ನೆನೆಸಿ, ಚೆನ್ನಾಗಿ ಹಿಂಡಿ, ನೆರಳಲ್ಲಿ ಹರವಿ. ಪಾಲಿಯೆಸ್ಟರ್ ಒಣಗಿದ ಮೇಲೂ ಹತ್ತಿಯದರ ಹೊಲಿಗೆ, ಕಾಲರ್ ಮುಟ್ಟಿದರೆ ತಣ್ಣಗೆ ಒದ್ದೆಯಾಗಿಯೇ ಇರುತ್ತವೆ. ಜೀನ್ಸ್ ಅಂತೂ ಬೇಡವೇ ಬೇಡ. ಅನೇಕರು ಮರೆಯುವುದು ಬನಿಯನ್, ಒಳಚಡ್ಡಿ ಮತ್ತು ಕಾಲುಚೀಲ. ಮೇಲೆ ಎಷ್ಟು ಒಳ್ಳೆಯ ಜಾಕೆಟ್ ಇದ್ದರೂ ಒಳಗಿನ ಹತ್ತಿ ಬನಿಯನ್ ಬೆವರನ್ನು ಮೈಮೇಲೇ ಹಿಡಿದಿಡುತ್ತದೆ. ಕೊಳ್ಳುವಾಗ ಲೇಬಲ್ ಓದಿ. ಥರ್ಮಲ್ ಎಂದು ಮಾರುವ ಬಟ್ಟೆಗಳಲ್ಲೂ ಎಷ್ಟೋ ಸಲ ಹತ್ತಿ ಇರುತ್ತದೆ.

ಮೈಗೆ ತಾಗುವ ಪದರ

ಇದು ತೆಳ್ಳಗಿರಲಿ, ಮೈಗೆ ಒತ್ತಿಕೊಂಡಿರಲಿ. ಸಡಿಲವಾದರೆ ಬೆವರನ್ನು ಹೊರಕ್ಕೆ ಎಳೆಯಲಾರದು. ಆಯ್ಕೆ ಎರಡು. ಪಾಲಿಯೆಸ್ಟರ್ ನೀರನ್ನು ಹೀರುವುದೇ ಇಲ್ಲ ಅನ್ನಬಹುದು, ಹಾಗಾಗಿ ಬೇಗ ಒಣಗುತ್ತದೆ. ಆದರೆ ಎರಡನೇ ದಿನಕ್ಕೆ ವಾಸನೆ ಜಾಸ್ತಿ. ಮೆರಿನೋ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಅಡಗಿಸಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಎಳೆ ಗುಂಗುರಾಗಿರುವುದರಿಂದ ಗಾಳಿಯ ಜಾಗವೂ ಉಳಿಯುತ್ತದೆ. ಒಣಗಲು ಮಾತ್ರ ಪಾಲಿಯೆಸ್ಟರ್‌ಗಿಂತ ಹೆಚ್ಚು ಹೊತ್ತು ಬೇಕು. ತುಂಬಾ ಬೆವರುವವರು ಪಾಲಿಯೆಸ್ಟರ್ ತೊಡಲಿ, ಬಹಳ ದಿನ ನಡೆಯುವವರು ಮೆರಿನೋ ತೊಡಲಿ ಎಂಬುದು ನನ್ನ ಸಲಹೆ.

ಇದರ ಮೇಲೆ ಒಂದು ಫ್ಲೀಸ್, ಅಂದರೆ ಪಾಲಿಯೆಸ್ಟರ್‌ನ ಮೆತ್ತನೆ ಬಟ್ಟೆಯ ಮೇಲಂಗಿ, ಅಥವಾ ಉಣ್ಣೆ ಸ್ವೆಟರ್. ಎಲ್ಲಕ್ಕಿಂತ ಹೊರಗೆ ಗಾಳಿ, ಮಳೆ, ಹಿಮ ತಡೆಯುವ ತೆಳು ಜಾಕೆಟ್. ಅದಕ್ಕೆ ಕಂಕುಳಲ್ಲಿ ಜಿಪ್ ಇದ್ದರೆ ತುಂಬಾ ಅನುಕೂಲ.

ಯಾವಾಗ ಏನು ತೊಡಬೇಕು

ಮೈನಸ್ 5 ಡಿಗ್ರಿ ಇರುವ ಒಂದು ಮುಂಜಾನೆ ಎಂದುಕೊಳ್ಳಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಬೇಕು, ಅದೇ ಸರಿಯಾದ ಲಕ್ಷಣ. ಒಳಪದರ, ತೆಳು ಫ್ಲೀಸ್, ಗಾಳಿ ಇದ್ದರೆ ಹೊರ ಜಾಕೆಟ್, ಇಷ್ಟು ಸಾಕು. ಹತ್ತು ಹದಿನೈದು ನಿಮಿಷ ನಡೆದ ಮೇಲೆ ನಿಂತು, ಬೆನ್ನಿನ ಮೇಲ್ಭಾಗಕ್ಕೆ ಕೈ ಹಾಕಿ ನೋಡಿ. ಬೆಚ್ಚಗೆ, ಒಣಗಿದ್ದರೆ ಸರಿ. ಜಿಗುಟಾಗಿದ್ದರೆ ಮೊದಲು ಜಿಪ್ ಬಿಚ್ಚಿ, ಸಾಲದಿದ್ದರೆ ಫ್ಲೀಸ್ ತೆಗೆಯಿರಿ. ಬೆವರು ಇಳಿಯುವ ತನಕ ಕಾಯಬೇಡಿ. ಗುಂಪು ಮುಂದೆ ಹೋಗುತ್ತದೆ ಎಂಬ ಸಂಕೋಚಕ್ಕೆ ಬೆವರುತ್ತಲೇ ನಡೆಯುವವರನ್ನು ಬಹಳ ನೋಡಿದ್ದೇನೆ. ಎರಡು ನಿಮಿಷ ನಿಂತರೆ ಏನೂ ಆಗುವುದಿಲ್ಲ.

ಡೌನ್ ಜಾಕೆಟ್ ಆಗ ಬ್ಯಾಗಿನಲ್ಲಿ, ಎಲ್ಲಕ್ಕಿಂತ ಮೇಲೆ ಇರಬೇಕು. ಡೌನ್ ಅಂದರೆ ಬಾತುಕೋಳಿ, ಹೆಬ್ಬಾತುಗಳ ಗರಿಯ ಕೆಳಗಿರುವ ಮೃದು ತುಪ್ಪಳ. ತೂಕಕ್ಕೆ ಹೋಲಿಸಿದರೆ ಅದರಷ್ಟು ಬೆಚ್ಚಗಿನದು ಇಲ್ಲ. ಆದರೆ ಅದನ್ನು ತೊಟ್ಟು ಏರು ಹತ್ತಿದರೆ ಒಳಗಿನಿಂದ ಬೆವರು ಹೋಗಿ ತುಪ್ಪಳ ತೇವವಾಗುತ್ತದೆ, ಬ್ಯಾಗಿನ ಪಟ್ಟಿ ಅದನ್ನು ಹೆಗಲ ಮೇಲೆ ಅಮುಕುತ್ತದೆ. ವಿಶ್ರಾಂತಿಗೆ ನಿಂತ ತಕ್ಷಣ, ಇನ್ನೂ ಬೆಚ್ಚಗಿರುವಾಗಲೇ, ಅದನ್ನು ಎಲ್ಲದರ ಮೇಲೆ ಹಾಕಿಕೊಳ್ಳಿ. ಅದಕ್ಕೇ ಸಡಿಲ ಅಳತೆಯದು ಒಳ್ಳೆಯದು. ನಡುಕ ಬಂದ ಮೇಲೆ ಹಾಕಿದರೆ ಉಳಿಸಿಕೊಳ್ಳಲು ಶಾಖವೇ ಕಡಿಮೆ ಇರುತ್ತದೆ. ಮತ್ತೆ ಹೊರಡುವಾಗ ತೆಗೆದು ಒಳಗಿಡಿ.

ಡೌನ್ ಒದ್ದೆಯಾದರೆ ತುಪ್ಪಳ ಗಂಟುಕಟ್ಟುತ್ತದೆ. ಹೊಲಿಗೆಗಳ ನಡುವೆ ಬೆರಳಾಡಿಸಿದರೆ ಒಂದು ಕಡೆ ಉಂಡೆ, ಇನ್ನೊಂದು ಕಡೆ ಬರೀ ಬಟ್ಟೆ ಸಿಗುತ್ತದೆ. ಆ ಖಾಲಿ ಜಾಗದಲ್ಲಿ ಚಳಿಗೆ ತಡೆಯೇ ಇಲ್ಲ. ಹಾಗಾಗಿ ಅದನ್ನು ನೀರು ಹೋಗದ ಚೀಲದಲ್ಲಿಡಿ. ಮಳೆ, ಕರಗುವ ಹಿಮ ಜಾಸ್ತಿ ಇರುವ ಕಡೆ ಸಿಂಥೆಟಿಕ್ ತುಂಬಿದ ಜಾಕೆಟ್ ಒಯ್ಯಿರಿ. ಭಾರ ಸ್ವಲ್ಪ ಹೆಚ್ಚು, ಆದರೆ ಒದ್ದೆಯಾದರೂ ಅಷ್ಟಿಷ್ಟು ಬೆಚ್ಚಗಿಡುತ್ತದೆ.

ಟೆಂಟ್ ತಲುಪಿದ ಕೂಡಲೇ ಒಳಪದರ, ಕಾಲುಚೀಲ ಬದಲಿಸಿ. ಮಲಗಲೆಂದೇ ಒಂದು ಒಣ ಜೊತೆ ಬೇರೆ ಇರಲಿ. ಹಗಲಲ್ಲಿ ತೊಡಬೇಕು ಎಂದು ಎಷ್ಟೇ ಅನ್ನಿಸಿದರೂ ಅದನ್ನು ಮುಟ್ಟಬೇಡಿ.