ಪೇಪರ್‌ಗೆ ಮಸಿ ಬಳಿದು ಕವಿತೆ ತೆಗೆಯುವುದು

ಓದಿ ಮುಗಿಸಿದ ಪೇಪರ್‌ನಲ್ಲಿ ಒಂದು ಪ್ಯಾರಾ ಆರಿಸಿ, ಬೇಡದ ಪದಗಳಿಗೆಲ್ಲ ಮಸಿ ಬಳಿಯಬೇಕು. ಉಳಿದದ್ದೇ ಕವಿತೆ. ಹೊಸ ಪದ ಸೇರಿಸುವಂತಿಲ್ಲ, ಪದಗಳ ಸರದಿ ಬದಲಿಸುವಂತಿಲ್ಲ. ಅಭ್ಯಾಸಕ್ಕೆ ಸುದ್ದಿಯ ಧಾಟಿಯಲ್ಲಿ ನಾನೇ ಬರೆದ ಪ್ಯಾರಾ ಇಲ್ಲಿದೆ:

“ಕಲಬುರಗಿ: ಬಿಸಿಲು ಏರುತ್ತಿದ್ದು, ದೂರದ ಬಡಾವಣೆಗಳಿಗೆ ನೀರು ಸರಿಯಾಗಿ ತಲುಪುತ್ತಿಲ್ಲ. ಮನೆಗಳ ಬಾಗಿಲಲ್ಲಿ ಖಾಲಿ ಕೊಡಗಳನ್ನಿಟ್ಟು ಮಹಿಳೆಯರು ಟ್ಯಾಂಕರ್‌ಗಾಗಿ ಕಾಯುತ್ತಿದ್ದಾರೆ. ಹಬ್ಬದ ದಿನವೂ ಟ್ಯಾಂಕರ್ ಬರಲಿಲ್ಲ ಎಂದು ನಿವಾಸಿಗಳು ದೂರಿದ್ದಾರೆ.”

ಮೊದಲು ಪೆನ್ಸಿಲ್ ಹಿಡಿಯಿರಿ, ಮಾರ್ಕರ್ ಅಲ್ಲ. ಮನಸ್ಸಿಗೆ ಹಿಡಿಸಿದ ಪದಗಳ ಸುತ್ತ ಸಣ್ಣ ಚೌಕ ಹಾಕಿ. ನಾನು ಮೊದಲು ‘ಬಿಸಿಲು, ಖಾಲಿ, ಕೊಡ, ಕಾಯುತ್ತಿದ್ದಾರೆ’ ಎಂದು ಗುರುತು ಮಾಡಿದೆ. ಎರಡು ಕಡೆ ಎಡವಿದ್ದೆ. ಅದೇ ನೀರಿನ ಸುದ್ದಿ ಚಿಕ್ಕದಾಗಿತ್ತು, ಅಷ್ಟೇ. ಜೊತೆಗೆ ಕೊಡ ‘ಕಾಯುತ್ತಿದೆ’ ಆಗಬೇಕಿತ್ತು, ಅದು ಪ್ಯಾರಾದಲ್ಲಿಲ್ಲ.

ಕನ್ನಡದಲ್ಲಿ ಈ ಆಟದ ಕಷ್ಟ, ಮಜಾ ಎರಡೂ ಪದದ ಬಾಲದಲ್ಲೇ ಇವೆ. ‘ಮನೆಗಳ’ದಲ್ಲಿ ‘ಗಳ’ ಅಳಿಸಿದರೆ ‘ಮನೆ’ ಸಿಗುತ್ತದೆ. ಆದರೆ ‘ಬಾಗಿಲಲ್ಲಿ’ಯಿಂದ ‘ಬಾಗಿಲು’ ಸಿಗದು, ಅಲ್ಲಿರುವುದು ‘ಲ’. ಹಾಗಾಗಿ ಯಾರ ಬಗ್ಗೆ ಸುದ್ದಿ ಇದೆಯೋ ಆ ಪದವನ್ನೇ ಅಳಿಸಿ, ಕ್ರಿಯಾಪದ ಉಳಿಸಿ ನೋಡಿದೆ:

ದೂರದ
ಮನೆ
ಬಾಗಿಲಲ್ಲಿ
ಕಾಯುತ್ತಿದ್ದಾರೆ
ಹಬ್ಬದ ದಿನವೂ
ಬರಲಿಲ್ಲ

‘ಮಹಿಳೆಯರು’ ಹೋದ ಮೇಲೆ ‘ಕಾಯುತ್ತಿದ್ದಾರೆ’ ಬಹುವಚನವಾಗಿ ಕೇಳಿಸುವುದಿಲ್ಲ. ಹಿರಿಯರಿಗೆ ಕೊಡುವ ಮರ್ಯಾದೆಯಾಗಿ ಕೇಳಿಸುತ್ತದೆ. ‘ಬರಲಿಲ್ಲ’ದಲ್ಲಿ ಗಂಡು, ಹೆಣ್ಣು, ವಸ್ತು ಯಾವ ಗುರುತೂ ಇಲ್ಲ. ಟ್ಯಾಂಕರ್ ಅಳಿಸಿದ್ದೇ ತಡ, ಗುಳೆ ಹೋದ ಮಗನೋ ಮಗಳೋ ಆ ಜಾಗಕ್ಕೆ ಬಂದು ನಿಲ್ಲುತ್ತಾರೆ. ಹಾಗಾಗಿ ‘ಇಲ್ಲ’ದಿಂದ ಮುಗಿಯುವ ಕ್ರಿಯಾಪದ ಕಂಡರೆ ನಾನು ಬಿಡುವುದೇ ಇಲ್ಲ.

ಈಗ ಮಾರ್ಕರ್. ನ್ಯೂಸ್‌ಪ್ರಿಂಟ್ ಮಸಿ ಹೀರುತ್ತದೆ, ಅಂಚು ಹರಡುತ್ತದೆ. ಅಡಿಗೆ ರಟ್ಟು ಇಡಿ. ಉಳಿಸುವ ಪದದ ಸುತ್ತ ಮೊದಲು ಬಾಲ್ ಪೆನ್ನಿನಿಂದ ಗೆರೆ ಹಾಕಿ, ಆಚೆ ಕಡೆ ಮಾರ್ಕರ್ ಆಡಿಸಿ. ಒತ್ತಕ್ಷರದ ಮೇಲೆ ಕಣ್ಣಿರಲಿ. ಕೆಳಗಿನ ಸಾಲಿಗೆ ಸುಮ್ನೆ ಬಳಿದುಬಿಟ್ಟರೆ ಮೇಲಿನ ಸಾಲಿನಿಂದ ಇಳಿಬಿದ್ದ ಒತ್ತುಗಳೂ ಹೋಗುತ್ತವೆ. ‘ಕಾಯುತ್ತಿದ್ದಾರೆ’ ಹೋಗಿ ‘ಕಾಯುತಿದಾರೆ’ ಆಗುತ್ತದೆ. ಅಕ್ಷರ ತೀರಾ ಸಣ್ಣದಿದ್ದರೆ ದೊಡ್ಡದು ಮಾಡಿಸಿ ಝೆರಾಕ್ಸ್ ತೆಗೆಸಿಕೊಳ್ಳಿ.

‘ಕಲಬುರಗಿ’ಯನ್ನು ಉಳಿಸಬೇಕೆಂಬ ಆಸೆ ಇತ್ತು, ನಮ್ಮೂರು ಅಲ್ವಾ. ಆದರೆ ಊರು ಮೊದಲೇ ಕಂಡರೆ ಓದುವವರು ಇಲ್ಲೇ ನಿಂತುಬಿಡುತ್ತಾರೆ, ಮನೆ ದೂರ ಆಗುವುದಿಲ್ಲ. ಅದಕ್ಕೂ ಮಸಿ ಬಳಿದೆ.